ಇನ್‌ಪುಟ್ ತೆಗೆದರೂ ಆಂಪ್ಲಿಫೈಯರ್ ಸುಮ್ಮನಾಗದಿದ್ದರೆ: ಬಿಟ್ಟುಹೋದ ಡಿಕಪ್ಲಿಂಗ್ ಕೆಪಾಸಿಟರ್ ಪತ್ತೆ ಮಾಡುವ ಬಗೆ

“ಚಿತ್ರದಲ್ಲಿರುವ ಹಾಗೆಯೇ ಜೋಡಿಸಿದ್ದೇನೆ, ಕನೆಕ್ಷನ್ ಎಲ್ಲ ಮತ್ತೆ ಮತ್ತೆ ನೋಡಿದ್ದಾಯ್ತು, ಐಸಿ ಕೂಡ ಬದಲಾಯಿಸಿದೆ. ಆದರೂ ಸ್ಪೀಕರ್‌ನಲ್ಲಿ ಮಾತು ಹರಿದುಹೋದಂತೆ ಕೇಳುತ್ತೆ, ಐಸಿ ಬೆಚ್ಚಗಾಗುತ್ತೆ.” ಎಲ್‌ಎಂ386 ಐಸಿ ಹಾಕಿ ಬ್ರೆಡ್‌ಬೋರ್ಡ್ ಮೇಲೆ ಮೊದಲ ಆಂಪ್ಲಿಫೈಯರ್ ಕಟ್ಟಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಯಾವಾಗಲೂ ಇದೇ. ಬಹಳ ಸಲ ಐಸಿಯಲ್ಲಿ ದೋಷ ಇರುವುದೇ ಇಲ್ಲ. ಆಂಪ್ಲಿಫೈಯರ್ ಆಸಿಲೇಟ್ ಆಗುತ್ತಿರುತ್ತದೆ. ಅಂದರೆ ಯಾರೂ ಸಿಗ್ನಲ್ ಕೊಡದಿದ್ದರೂ, ತನ್ನ ಔಟ್‌ಪುಟ್‌ನ ಒಂದಂಶ ಯಾವುದೋ ದಾರಿಯಲ್ಲಿ ಇನ್‌ಪುಟ್‌ಗೆ ಮರಳಿ ಬಂದು, ತಾನೇ ಅಲೆ ಹುಟ್ಟಿಸಿಕೊಂಡು ಅದನ್ನೇ ಬೆಳೆಸುತ್ತಿರುತ್ತದೆ. ಆ ದಾರಿ ಯಾವುದು ಎಂದು ಹುಡುಕುವುದೇ ಇಲ್ಲಿನ ಕೆಲಸ.

ಡಿಪ್ಲೊಮಾ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ನಮ್ಮ ಲ್ಯಾಬ್‌ನ ಮೇಜಿನ ಮೇಲೆ ಅದನ್ನು ಹುಡುಕಿದ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಇಡುತ್ತಿದ್ದೇನೆ. ಆಕೆ ಕಟ್ಟಿದ್ದು ಸಣ್ಣ ಮೈಕ್ ಆಂಪ್ಲಿಫೈಯರ್: ಎಲೆಕ್ಟ್ರೆಟ್ ಮೈಕ್, 10 ಕಿಲೋಓಮ್ ವಾಲ್ಯೂಮ್ ಪಾಟ್, ಎಲ್‌ಎಂ386, 8 ಓಮ್ ಸ್ಪೀಕರ್, 9 ವೋಲ್ಟ್ ಬೆಂಚ್ ಸಪ್ಲೈ. 1 ಮತ್ತು 8ನೇ ಪಿನ್‌ಗಳ ನಡುವೆ 10 ಮೈಕ್ರೋಫ್ಯಾರಡ್ ಹಾಕಿದ್ದರಿಂದ ಗೇನ್ 200. ಆ ಕೆಪಾಸಿಟರ್ ಇಲ್ಲದಿದ್ದರೆ ಇದೇ ಐಸಿಯ ಗೇನ್ 20 ಇರುತ್ತದೆ. ಔಟ್‌ಪುಟ್‌ನಿಂದ ಸ್ಪೀಕರ್‌ಗೆ 220 ಮೈಕ್ರೋಫ್ಯಾರಡ್, ಔಟ್‌ಪುಟ್‌ನಿಂದ ಗ್ರೌಂಡ್‌ಗೆ 10 ಓಮ್ ಮತ್ತು 47 ನ್ಯಾನೋಫ್ಯಾರಡ್ ಸರಣಿಯಲ್ಲಿ, 7ನೇ ಪಿನ್‌ನಿಂದ ಗ್ರೌಂಡ್‌ಗೆ 10 ಮೈಕ್ರೋಫ್ಯಾರಡ್. ಎಲ್ಲವೂ ಚಿತ್ರದ ಪ್ರಕಾರವೇ ಇತ್ತು.

ಬೇಕಾಗುವ ಸಾಮಾನು

ಒಂದು ಮಲ್ಟಿಮೀಟರ್, ಒಂದು ಆಸಿಲೋಸ್ಕೋಪ್ ಮತ್ತು ಅದರ ×10 ಪ್ರೋಬ್, 100 ನ್ಯಾನೋಫ್ಯಾರಡ್‌ನ ಕೆಲವು ಸೆರಾಮಿಕ್ ಕೆಪಾಸಿಟರ್, 100 ಅಥವಾ 220 ಮೈಕ್ರೋಫ್ಯಾರಡ್‌ನ ಒಂದು ಎಲೆಕ್ಟ್ರೋಲಿಟಿಕ್. ಸೆರಾಮಿಕ್ ಕೊಳ್ಳುವಾಗ ಮೇಲಿನ ಅಂಕಿ ನೋಡಿ: 100 ನ್ಯಾನೋ ಅಂದರೆ 104 ಎಂದು ಅಚ್ಚಾಗಿರುತ್ತದೆ. 103 ಅದರ ಹತ್ತನೇ ಒಂದು ಭಾಗ, ಮತ್ತು ಡಬ್ಬಿಯಲ್ಲಿ ಎರಡೂ ಕಲೆತರೆ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಯಾವ ಬಿಡಿಭಾಗದ ಅಂಗಡಿಗೆ ಹೋದರೂ 104 ಎಂದರೆ ಸಾಕು, ತೆಗೆದುಕೊಡುತ್ತಾರೆ.

ಸಪ್ಲೈಯಲ್ಲಿ ಕರೆಂಟ್ ಮಿತಿ ಇಡುವ ಗುಂಡಿ ಇದ್ದರೆ ಸುಮಾರು 150 ಮಿಲಿಆಂಪಿಯರ್‌ಗೆ ಇಟ್ಟುಕೊಳ್ಳಿ. ಹುಡುಕಾಟದ ನಡುವೆ ಪ್ರೋಬ್ ಜಾರಿ ಎರಡು ಪಿನ್ ತಾಗಿದರೂ ಐಸಿ ಉಳಿಯುತ್ತದೆ.

1. ಮೊದಲು ಇನ್‌ಪುಟ್ ತೆಗೆಯಿರಿ

ಮೈಕ್ ಮತ್ತು ಸ್ಪೀಕರ್ ಒಂದೇ ಮೇಜಿನ ಮೇಲಿದ್ದಾಗ ಸ್ಪೀಕರ್ ಶಬ್ದವನ್ನು ಮೈಕ್ ಹಿಡಿದು ‘ಕುಂಯ್’ ಎಂದು ಕೂಗುವುದು ಬೇರೆ ಸಮಸ್ಯೆ. ಅದು ಗಾಳಿಯ ಮೂಲಕ ಮರಳುವ ಶಬ್ದ. ಮೈಕ್ ದೂರ ಸರಿಸಿದರೆ ನಿಲ್ಲುತ್ತದೆ. ಎರಡನ್ನೂ ಬೇರೆ ಮಾಡಲು ಮೈಕ್‌ನ ತಂತಿಯನ್ನೂ, ಮೈಕ್‌ಗೆ ಕರೆಂಟ್ ಕೊಡುವ ರೆಸಿಸ್ಟರ್‌ನ್ನೂ ಕಿತ್ತುಬಿಡಿ. ಒಂದು ಚಿಕ್ಕ ತಂತಿಯಿಂದ 3ನೇ ಪಿನ್ ಅಂದರೆ ಇನ್‌ಪುಟ್ ಅನ್ನು 4ನೇ ಪಿನ್ ಅಂದರೆ ಗ್ರೌಂಡ್‌ಗೆ ನೇರವಾಗಿ ಕೂಡಿಸಿ. ವಾಲ್ಯೂಮ್ ಪಾಟ್ ಸೊನ್ನೆಗೆ ತಿರುಗಿಸಿದ ಮಾತ್ರಕ್ಕೆ ಸಾಲದು, ಪಾಟ್‌ಗೆ ಹೋಗುವ ಉದ್ದ ತಂತಿ ಇನ್ನೂ ಅಲ್ಲೇ ಇರುತ್ತದೆ.

ಇಷ್ಟು ಮಾಡಿದಾಗ ಎಲ್ಲವೂ ತಣ್ಣಗಾದರೆ ತೊಂದರೆ ಇನ್‌ಪುಟ್ ಕಡೆಯದು. ನಮ್ಮ ವಿದ್ಯಾರ್ಥಿನಿಯ ಬೋರ್ಡ್‌ನಲ್ಲಿ ಹರಿದ ಮಾತು ಹೋಯಿತು, ಆದರೆ ಸ್ಪೀಕರ್‌ನಲ್ಲಿ ಸಣ್ಣ ಗರಗರ ಉಳಿಯಿತು, ಐಸಿಯ ಬಿಸಿ ಇಳಿಯಲಿಲ್ಲ. ಅಂದರೆ ಅಲೆ ಹುಟ್ಟುತ್ತಿರುವುದು ಐಸಿಯ ಸುತ್ತಮುತ್ತಲೇ.

2. ಮಲ್ಟಿಮೀಟರ್ ಹೇಳುವುದನ್ನು ಕೇಳಿ

ಸ್ಕೋಪ್ ಹಚ್ಚುವ ಮುಂಚೆ ಮೂರು ಅಳತೆ ತೆಗೆಯಿರಿ. 6ನೇ ಪಿನ್‌ನಲ್ಲಿ ಸಪ್ಲೈ ವೋಲ್ಟೇಜ್, 5ನೇ ಪಿನ್‌ನಲ್ಲಿ ಔಟ್‌ಪುಟ್‌ನ ಡಿಸಿ ವೋಲ್ಟೇಜ್, ಮತ್ತು ಸಪ್ಲೈಯಿಂದ ಒಟ್ಟು ಎಳೆಯುವ ಕರೆಂಟ್. ಎಲ್‌ಎಂ386 ತನ್ನ ಔಟ್‌ಪುಟ್ ಅನ್ನು ಸಪ್ಲೈಯ ಸರಿಸುಮಾರು ಅರ್ಧದಲ್ಲಿ ತಾನೇ ನಿಲ್ಲಿಸಿಕೊಳ್ಳುತ್ತದೆ. 9 ವೋಲ್ಟ್ ಕೊಟ್ಟರೆ 4.5ರ ಆಸುಪಾಸು ಕಾಣಬೇಕು. ಅದು 0 ಅಥವಾ 9ಕ್ಕೆ ಅಂಟಿಕೊಂಡಿದ್ದರೆ ತಪ್ಪು ಜೋಡಣೆ ಅಥವಾ ಸತ್ತ ಐಸಿ, ಈ ಲೇಖನದ ವಿಷಯವಲ್ಲ.

ಹೆಚ್ಚಿನ ಸುಳಿವು ಕರೆಂಟ್‌ನಲ್ಲಿರುತ್ತದೆ. ಸಿಗ್ನಲ್ ಇಲ್ಲದಾಗ ಈ ಐಸಿ 6 ವೋಲ್ಟ್ ಸಪ್ಲೈಯಲ್ಲಿ ಎಳೆಯುವುದು ಸಾಮಾನ್ಯವಾಗಿ 4 ಮಿಲಿಆಂಪಿಯರ್, ಹೆಚ್ಚೆಂದರೆ 8 ಎನ್ನುತ್ತದೆ ಡೇಟಾಶೀಟ್. 9 ವೋಲ್ಟ್‌ನಲ್ಲಿ ತುಸು ಜಾಸ್ತಿ ಇರಬಹುದು. ಆಕೆಯ ಬೋರ್ಡ್ 28 ಮಿಲಿಆಂಪಿಯರ್ ಎಳೆಯುತ್ತಿತ್ತು. ಔಟ್‌ಪುಟ್ ಮಾತ್ರ ಸರಿಯಾಗಿ 4.5 ವೋಲ್ಟ್‌ನಲ್ಲಿತ್ತು. ಡಿಸಿ ಸರಿ, ಸಿಗ್ನಲ್ ಇಲ್ಲ, ಆದರೂ ಕರೆಂಟ್ ಹಲವು ಪಟ್ಟು: ಇವು ಮೂರೂ ಕೂಡಿದಲ್ಲಿ ಕಿವಿಗೆ ಕೇಳದಷ್ಟು ವೇಗದ ಆಸಿಲೇಷನ್ ಇದೆ ಎಂದು ಬಲವಾಗಿ ಅನುಮಾನಿಸಬಹುದು.

ಇಲ್ಲಿ ಬಹಳ ಜನ ಮಲ್ಟಿಮೀಟರ್ ಅನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಔಟ್‌ಪುಟ್ ಅಳೆದು, ಏನೂ ಕಾಣದಿದ್ದಾಗ “ಆಸಿಲೇಷನ್ ಇಲ್ಲ” ಎಂದುಬಿಡುತ್ತಾರೆ. ಮಲ್ಟಿಮೀಟರ್‌ನ ಎಸಿ ಅಳತೆ ಮನೆಯ 50 ಹರ್ಟ್ಸ್‌ನಂಥದಕ್ಕೆ ಮಾಡಿದ್ದು. ಮೆಗಾಹರ್ಟ್ಸ್ ಮಟ್ಟದ ಅಲೆ ಅದರ ಕಣ್ಣಿಗೆ ಬೀಳುವುದಿಲ್ಲ.

3. ಸ್ಕೋಪ್ ಅನ್ನು ಸರಿಯಾಗಿ ಹಚ್ಚಿ

ಪ್ರೋಬ್‌ನ ಸ್ವಿಚ್ ×10ರಲ್ಲಿರಲಿ, ಸ್ಕೋಪ್‌ನ ಚಾನೆಲ್ ಸೆಟ್ಟಿಂಗ್‌ನಲ್ಲೂ ×10 ಎಂದೇ ಇಡಿ. ×1ರಲ್ಲಿ ಪ್ರೋಬ್ ತನ್ನದೇ ನೂರರ ಸಮೀಪದ ಪಿಕೋಫ್ಯಾರಡ್ ಕೆಪಾಸಿಟನ್ಸ್ ಅನ್ನು ಸರ್ಕ್ಯೂಟ್ ಮೇಲೆ ಹೇರುತ್ತದೆ. ಅದರಿಂದ ಇದ್ದ ಆಸಿಲೇಷನ್ ನಿಲ್ಲಬಹುದು, ಇಲ್ಲದ್ದು ಶುರುವಾಗಲೂಬಹುದು. ಪ್ರೋಬ್‌ನ ಕಪ್ಪು ಗ್ರೌಂಡ್ ಕ್ಲಿಪ್ಪನ್ನು ದೂರದ ಸಪ್ಲೈ ಟರ್ಮಿನಲ್‌ಗೆ ಹಾಕಬೇಡಿ. ಐಸಿಯ 4ನೇ ಪಿನ್‌ನ ಸಾಲಿಗೇ ಹಾಕಿ.

ಈಗ ತುದಿಯನ್ನು 5ನೇ ಪಿನ್‌ಗೆ ಮುಟ್ಟಿಸಿ. ಆಡಿಯೋ ಸರ್ಕ್ಯೂಟ್ ಅಲ್ಲವೇ ಎಂದು ಆಕೆ ಟೈಮ್‌ಬೇಸ್ ಅನ್ನು ಒಂದು ಚೌಕಕ್ಕೆ 1 ಮಿಲಿಸೆಕೆಂಡ್ ಇಟ್ಟಿದ್ದಳು. ಪರದೆಯ ಮೇಲೆ ಅಲೆ ಕಾಣಲಿಲ್ಲ, ಒಂದು ದಪ್ಪ ಪಟ್ಟಿ ಕಂಡಿತು. “ಸರ್, ಟ್ರೇಸ್ ದಪ್ಪಗಿದೆ, ಸ್ಕೋಪ್ ಫೋಕಸ್ ಸರಿ ಇಲ್ವಾ?” ಎಂದು ಕೇಳಿದಳು. ಪ್ರೋಬ್ ತುದಿಯನ್ನು ಗ್ರೌಂಡ್‌ಗೆ ಮುಟ್ಟಿಸಿ ನೋಡಮ್ಮ ಎಂದೆ. ಗೆರೆ ತೆಳ್ಳಗಾಯಿತು. ದಪ್ಪ ಸರ್ಕ್ಯೂಟ್‌ನದೇ.

ಟೈಮ್‌ಬೇಸನ್ನು ಚೌಕಕ್ಕೆ 500 ನ್ಯಾನೋಸೆಕೆಂಡ್‌ವರೆಗೆ ಇಳಿಸುತ್ತಾ ಹೋದಾಗ ಪಟ್ಟಿ ಬಿಚ್ಚಿಕೊಂಡು ಅಲೆಯಾಯಿತು. ಒಂದು ಅಲೆ ಮುಗಿಯಲು ಒಂದೂಕಾಲು ಚೌಕ, ಅಂದರೆ 0.625 ಮೈಕ್ರೋಸೆಕೆಂಡ್, ಅಂದರೆ 1.6 ಮೆಗಾಹರ್ಟ್ಸ್. ಮೇಲಿನಿಂದ ಕೆಳಗಿನವರೆಗೆ ಸುಮಾರು 1 ವೋಲ್ಟ್. ಇಷ್ಟು ವೇಗದ್ದು ಕಿವಿಗೆ ಕೇಳುವಂಥದಲ್ಲ. ಆದರೆ ಮಾತಿನ ಸಿಗ್ನಲ್ ಏರಿಳಿದಂತೆ ಈ ಆಸಿಲೇಷನ್ ಹೆಚ್ಚುಕಡಿಮೆಯಾಗುತ್ತಾ, ಮಧ್ಯೆ ನಿಂತು ಮತ್ತೆ ಶುರುವಾಗುತ್ತಾ ಇರುತ್ತದೆ. ಆ ನಿಲ್ಲುವುದು, ಶುರುವಾಗುವುದು ಕಿವಿಗೆ ಹರಿದ ಮಾತಾಗಿ ಕೇಳುತ್ತದೆ.

ಡಿಜಿಟಲ್ ಸ್ಕೋಪ್ ಬಳಸುವವರಿಗೆ ಒಂದು ಎಚ್ಚರಿಕೆ. ನಿಧಾನ ಟೈಮ್‌ಬೇಸ್‌ನಲ್ಲಿ ಸ್ಕೋಪ್ ಸ್ಯಾಂಪಲ್ ತೆಗೆಯುವ ವೇಗವೂ ಕಡಿಮೆಯಾಗುವುದರಿಂದ, ಮೆಗಾಹರ್ಟ್ಸ್ ಅಲೆ ಕೆಲವೊಮ್ಮೆ ಕೆಲವು ನೂರು ಹರ್ಟ್ಸ್‌ನ ಅಂದವಾದ ಸೈನ್ ಅಲೆಯಾಗಿ ಕಾಣಿಸುತ್ತದೆ. ಇದಕ್ಕೆ ಅಲಿಯಾಸಿಂಗ್ ಎನ್ನುತ್ತಾರೆ. ಟೈಮ್‌ಬೇಸ್ ಬದಲಿಸಿದಾಗ ಪರದೆಯ ಫ್ರೀಕ್ವೆನ್ಸಿಯ ಅಂಕಿಯೂ ಬದಲಾದರೆ ನೀವು ನೋಡುತ್ತಿರುವುದು ನಿಜವಾದ ಅಲೆಯಲ್ಲ. ಹಾಗೆಯೇ, 200 ಕಿಲೋಹರ್ಟ್ಸ್‌ವರೆಗೆ ಮಾತ್ರ ಕಾಣುವ ಅಗ್ಗದ ಕಿಟ್ ಸ್ಕೋಪ್‌ಗಳನ್ನು ಈ ಕೆಲಸಕ್ಕೆ ನಂಬಬೇಡಿ.

ಸ್ಕೋಪ್ ಇಲ್ಲವೇ? ಮೀಡಿಯಂ ವೇವ್ ಇರುವ ಹಳೆಯ ರೇಡಿಯೋ ಇದ್ದರೆ ಅದನ್ನು ಬೋರ್ಡ್ ಪಕ್ಕ ಇಟ್ಟು, ನಿಲ್ದಾಣವಿಲ್ಲದ ಜಾಗಗಳಲ್ಲಿ ನಿಧಾನವಾಗಿ ಟ್ಯೂನ್ ಮಾಡುತ್ತಾ ಹೋಗಿ. ಮೀಡಿಯಂ ವೇವ್ ಸುಮಾರು 530ರಿಂದ 1600 ಕಿಲೋಹರ್ಟ್ಸ್‌ವರೆಗಿದೆ. ಎಲ್ಲೋ ಒಂದು ಕಡೆ ಗೊರಗೊರ ಥಟ್ಟನೆ ಅಡಗಿ ಅಥವಾ ಶಿಳ್ಳೆ ಹುಟ್ಟಿ, ಬೋರ್ಡ್‌ನ ಸಪ್ಲೈ ತೆಗೆದೊಡನೆ ಮೊದಲಿನಂತಾದರೆ ನಿಮ್ಮ ಆಂಪ್ಲಿಫೈಯರ್ ಟ್ರಾನ್ಸ್‌ಮಿಟರ್ ಆಗಿದೆ ಎಂದು ತಿಳಿಯಿರಿ. ಏನೂ ಕೇಳದಿದ್ದರೆ ಮಾತ್ರ ಆಸಿಲೇಷನ್ ಇಲ್ಲ ಎನ್ನುವಂತಿಲ್ಲ. ಅದು ರೇಡಿಯೋ ವ್ಯಾಪ್ತಿಯ ಆಚೆಗಿರಬಹುದು.

4. ಸಪ್ಲೈಯನ್ನು ಎರಡು ತುದಿಯಲ್ಲೂ ನೋಡಿ

ಈ ಹಂತವನ್ನು ದಾಟಿಹೋಗಬೇಡಿ, ದೋಷ ಬಯಲಾಗುವುದೇ ಇಲ್ಲಿ. ಸ್ಕೋಪ್ ಚಾನೆಲ್ಲನ್ನು ಎಸಿ ಕಪ್ಲಿಂಗ್‌ಗೆ ಹಾಕಿ, ಅಂದರೆ 9 ವೋಲ್ಟ್ ಡಿಸಿಯನ್ನು ಬಿಟ್ಟು ಅದರ ಮೇಲಿನ ಏರಿಳಿತ ಮಾತ್ರ ಕಾಣುವಂತೆ ಮಾಡಿ. ಮೊದಲು ಬೆಂಚ್ ಸಪ್ಲೈಯ ಟರ್ಮಿನಲ್‌ನಲ್ಲಿ ನೋಡಿ, ಪ್ರೋಬ್ ಗ್ರೌಂಡ್ ಅಲ್ಲಿನ ಕಪ್ಪು ಟರ್ಮಿನಲ್‌ಗೇ ಇರಲಿ. ಆಮೇಲೆ ಐಸಿಯ 6ನೇ ಪಿನ್‌ನಲ್ಲಿ, ಗ್ರೌಂಡ್ 4ನೇ ಪಿನ್‌ಗೆ ಇಟ್ಟು ನೋಡಿ.

ಟರ್ಮಿನಲ್‌ನಲ್ಲಿ ಗೆರೆ ಬಹುಮಟ್ಟಿಗೆ ನೇರವಾಗಿತ್ತು. 6ನೇ ಪಿನ್‌ನಲ್ಲಿ ಅದೇ 1.6 ಮೆಗಾಹರ್ಟ್ಸ್‌ನ ಅರ್ಧ ವೋಲ್ಟ್ ಏರಿಳಿತ. ಒಂದೇ ತಂತಿಯ ಎರಡು ತುದಿ, ಒಂದು ಕಡೆ ಶಾಂತ, ಇನ್ನೊಂದು ಕಡೆ ಕುಣಿತ. ಹಾಗಾದರೆ ಆ ಅರ್ಧ ವೋಲ್ಟ್ ಬೀಳುತ್ತಿರುವುದು ತಂತಿಯಲ್ಲೇ.

ತಂತಿಯ ರೆಸಿಸ್ಟನ್ಸ್ ಒಂದು ಓಮ್ ಕೂಡ ಇಲ್ಲವಲ್ಲ ಎಂದು ನಿಮಗೆ ಅನ್ನಿಸಬಹುದು. ಡಿಸಿಗೆ ಅದು ನಿಜ. ಆದರೆ ತಂತಿಗೆ ಇಂಡಕ್ಟನ್ಸ್ ಇದೆ, ಅಂದರೆ ಕರೆಂಟ್ ಬೇಗ ಬದಲಾಗುವುದನ್ನು ತಡೆಯುವ ಗುಣ. ಮೋಟು ಲೆಕ್ಕಕ್ಕೆ ಒಂದು ಮೀಟರ್ ತಂತಿಗೆ 1 ಮೈಕ್ರೋಹೆನ್ರಿ ಎಂದು ಹಿಡಿಯಿರಿ. ಆಕೆಯ ಕೆಂಪು ತಂತಿ, ಕಪ್ಪು ತಂತಿ, ಬ್ರೆಡ್‌ಬೋರ್ಡ್‌ನ ಸಾಲು ಎಲ್ಲ ಸೇರಿ ಒಂದು ಮೀಟರ್ ಆಗುತ್ತಿತ್ತು.

```
XL = 2 × π × f × L = 2 × 3.14 × 1.6 MHz × 1 µH ≈ 10 Ω
XC = 1 / (2 × π × f × C) = 1 / (2 × 3.14 × 1.6 MHz × 100 nF) ≈ 1 Ω
```

ಮೊದಲ ಸಾಲು ನೋಡಿ: 1.6 ಮೆಗಾಹರ್ಟ್ಸ್‌ನಲ್ಲಿ ಆ ತಂತಿ 10 ಓಮ್‌ನಂತೆ ವರ್ತಿಸುತ್ತದೆ. ಔಟ್‌ಪುಟ್‌ನ 1 ವೋಲ್ಟ್ ಅಲೆ 10 ಓಮ್ ಮತ್ತು 47 ನ್ಯಾನೋ ಸರಣಿಯ ಮೂಲಕ ಗ್ರೌಂಡ್‌ಗೆ ಹರಿಯುವಾಗ ಐಸಿಯು ಸಪ್ಲೈಯಿಂದ ಹೆಚ್ಚುಕಡಿಮೆ 50 ಮಿಲಿಆಂಪಿಯರ್‌ನ ಮಿಡಿತಗಳನ್ನು ಎಳೆಯುತ್ತದೆ. 50 ಮಿಲಿಆಂಪಿಯರ್ ಗುಣಿಸು 10 ಓಮ್, ಅರ್ಧ ವೋಲ್ಟ್. ಸ್ಕೋಪ್‌ನಲ್ಲಿ ಕಂಡದ್ದೂ ಅಷ್ಟೇ. ಸಪ್ಲೈಯ ಈ ಕುಣಿತ ಐಸಿಯೊಳಗಿನ ಬಯಾಸ್ ರೆಸಿಸ್ಟರ್‌ಗಳ ಮೂಲಕವೂ, ಬ್ರೆಡ್‌ಬೋರ್ಡ್‌ನ ಅಕ್ಕಪಕ್ಕದ ಸಾಲುಗಳ ಮೂಲಕವೂ ಇನ್‌ಪುಟ್ ಹಂತಕ್ಕೆ ಸೋರುತ್ತದೆ. ಐಸಿ ಅದನ್ನೇ ಮತ್ತೆ ಹಿಗ್ಗಿಸುತ್ತದೆ. ನಾವು ಹುಡುಕುತ್ತಿದ್ದ ದಾರಿ ಇದು.

5. ಕೆಪಾಸಿಟರ್ ಮುಟ್ಟಿಸಿ ಪರೀಕ್ಷಿಸಿ

100 ನ್ಯಾನೋದ ಸೆರಾಮಿಕ್ ಕೆಪಾಸಿಟರ್‌ನ ಕಾಲುಗಳನ್ನು ಚಿಕ್ಕದಾಗಿ ಕತ್ತರಿಸಿ, ಸಪ್ಲೈ ಆನ್ ಇರುವಾಗಲೇ, ಪ್ಲಾಸ್ಟಿಕ್ ಚಿಮುಟದಲ್ಲಿ ಹಿಡಿದು 6 ಮತ್ತು 4ನೇ ಪಿನ್‌ಗಳಿಗೆ ಅಡ್ಡಲಾಗಿ ಮುಟ್ಟಿಸಿ. ಐಸಿಯ ಬೆನ್ನ ಮೇಲಿಂದ ದಾಟಿಸಿದರೆ ಸಲೀಸು. ಲೋಹದ ಚಿಮುಟ ಬೇಡ, ಕೈಯ ಕೆಪಾಸಿಟನ್ಸ್ ಪರೀಕ್ಷೆಯೊಳಗೆ ಸೇರಿಬಿಡುತ್ತದೆ.

ಆಕೆ ಮುಟ್ಟಿಸಿದ ಕೂಡಲೇ ಪರದೆಯ ಮೇಲಿನ ಅಲೆ ಮಾಯವಾಗಿ ತೆಳು ಗೆರೆ ಉಳಿಯಿತು. ಕರೆಂಟ್ 28ರಿಂದ 6 ಮಿಲಿಆಂಪಿಯರ್‌ಗೆ ಬಿತ್ತು. ಕೆಪಾಸಿಟರ್ ಎತ್ತಿದಳು, ಅಲೆ ಮರಳಿತು. ಹೀಗೆ ಎರಡೂ ಕಡೆ ಪರೀಕ್ಷಿಸುವುದು ಮುಖ್ಯ. ಬ್ರೆಡ್‌ಬೋರ್ಡ್ ಮೇಲೆ ಏನನ್ನೇ ಮುಟ್ಟಿದರೂ ಯಾವುದೋ ಸಡಿಲ ತಂತಿ ಅಲ್ಲಾಡಿ ಆಸಿಲೇಷನ್ ನಿಲ್ಲುವುದುಂಟು. ತೆಗೆದಾಗ ಮತ್ತೆ ಬಂದರೆ ಮಾತ್ರ ಕಾರಣ ಅದೇ ಎಂದು ಹೇಳಬಹುದು.

ಲೆಕ್ಕದ ಎರಡನೇ ಸಾಲು ಇದನ್ನು ವಿವರಿಸುತ್ತದೆ. ಆ ವೇಗದಲ್ಲಿ ತಂತಿ 10 ಓಮ್ ಆದರೆ ಕೆಪಾಸಿಟರ್ 1 ಓಮ್. ಐಸಿಗೆ ಥಟ್ಟನೆ ಬೇಕಾದ ಕರೆಂಟ್ ಉದ್ದ ತಂತಿಯಿಂದ ಬರುವ ಬದಲು ಪಕ್ಕದ ಕೆಪಾಸಿಟರ್‌ನಿಂದಲೇ ಬರುತ್ತದೆ. ಓಣಿಯ ನಲ್ಲಿ ದೂರವಿದ್ದರೂ ಅಡುಗೆಮನೆಯ ಕೊಡದಲ್ಲಿ ನೀರಿದ್ದರೆ ಒಗ್ಗರಣೆಗೆ ತೊಂದರೆಯಾಗದ ಹಾಗೆ. ಸಪ್ಲೈಯ ಏರಿಳಿತ ಐಸಿಗೆ ತಟ್ಟದಂತೆ ಬಿಡಿಸಿಡುವುದರಿಂದಲೇ ಇದು ಡಿಕಪ್ಲಿಂಗ್ ಕೆಪಾಸಿಟರ್.

6. 7ನೇ ಪಿನ್‌ನ ಕೆಪಾಸಿಟರ್ ಇದಲ್ಲ

“ಬೈಪಾಸ್ ಕೆಪಾಸಿಟರ್ 7ನೇ ಪಿನ್‌ಗೆ ಹಾಕಿದ್ದೀನಲ್ಲ ಸರ್?” ಎಂಬುದು ಆಕೆಯ ಪ್ರಶ್ನೆ. ಎಲ್‌ಎಂ386 ಕಟ್ಟುವವರಲ್ಲಿ ಈ ಗೊಂದಲ ತುಂಬ ಸಹಜ. ಆ ಪಿನ್‌ನ ಹೆಸರೇ ಬೈಪಾಸ್. ಮೇಲಾಗಿ ಡೇಟಾಶೀಟ್‌ನ ಮಾದರಿ ಸರ್ಕ್ಯೂಟ್ ಚಿತ್ರಗಳಲ್ಲಿ 6ನೇ ಪಿನ್‌ಗೆ ಸಪ್ಲೈಯ ಬಾಣದ ಗುರುತು ಮಾತ್ರ ಇದೆ, ಅಲ್ಲಿ ಕೆಪಾಸಿಟರ್ ಬರೆದಿಲ್ಲ. ಚಿತ್ರ ಬರೆದವರು ಸಪ್ಲೈ ಸರಿಯಾಗಿದೆ ಎಂದು ಹಿಡಿದುಕೊಂಡೇ ಬರೆಯುತ್ತಾರೆ. ಚಿತ್ರದ ಪ್ರಕಾರವೇ ಕಟ್ಟಿದ ಹುಡುಗಿಯ ಬೋರ್ಡ್‌ನಲ್ಲಿ ಅದು ಬಿಟ್ಟುಹೋದದ್ದು ಹೀಗೆ.

ಐಸಿಯೊಳಗೆ ಸಪ್ಲೈಯಿಂದ ಇನ್‌ಪುಟ್ ಹಂತಕ್ಕೆ ಎರಡು 15 ಕಿಲೋಓಮ್ ರೆಸಿಸ್ಟರ್‌ಗಳು ಸರಣಿಯಲ್ಲಿ ಹೋಗುತ್ತವೆ. 7ನೇ ಪಿನ್ ಅವುಗಳ ನಡುವಿನ ಬಿಂದು. ಅಲ್ಲಿ ಹಾಕಿದ 10 ಮೈಕ್ರೋಫ್ಯಾರಡ್, ಸಪ್ಲೈಯ ಹಮ್‌ನಂಥ ನಿಧಾನದ ಏರಿಳಿತ ಆ ರೆಸಿಸ್ಟರ್‌ಗಳ ಮೂಲಕ ಒಳಗೆ ಬರದಂತೆ ತಡೆಯುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಕರೆಂಟ್ ಎಳೆಯುವುದು ನೇರವಾಗಿ 6ನೇ ಪಿನ್‌ನಿಂದ. ನಡುವೆ 15 ಕಿಲೋಓಮ್ ಇರುವ ಕೆಪಾಸಿಟರ್ ಅವಕ್ಕೆ ಕರೆಂಟ್ ಕೊಡಲಾರದು. ಎರಡೂ ಬೇಕು, ಎರಡರ ಕೆಲಸ ಬೇರೆ.

7. ಖಾಯಂ ಆಗಿ ಹಾಕುವುದು

ಸೆರಾಮಿಕ್ 104 ಅನ್ನು 6 ಮತ್ತು 4ನೇ ಪಿನ್‌ಗಳ ಸಾಲಿನಲ್ಲಿ, ಐಸಿಗೆ ತಾಗಿದ ತೂತುಗಳಲ್ಲೇ ಚುಚ್ಚಿ. ಬೋರ್ಡ್‌ನ ಅಂಚಿನ ಕೆಂಪು-ನೀಲಿ ಸಪ್ಲೈ ಸಾಲಿನಲ್ಲಿ ಹಾಕಿ, ಅಲ್ಲಿಂದ ಐಸಿಗೆ ಉದ್ದ ಜಂಪರ್ ಎಳೆದರೆ ಕೆಪಾಸಿಟರ್ ಇದ್ದೂ ಇಲ್ಲದಂತೆ. ಕಾಲುಗಳೂ ಉದ್ದ ಇರಬಾರದು: ಕಾಲು ಮತ್ತು ತಂತಿ ಸೇರಿ ಬರೀ 10 ನ್ಯಾನೋಹೆನ್ರಿ ಇದ್ದರೂ ಸುಮಾರು 5 ಮೆಗಾಹರ್ಟ್ಸ್ ದಾಟಿದ ಮೇಲೆ 100 ನ್ಯಾನೋ ಕೆಪಾಸಿಟರ್ ಇಂಡಕ್ಟರ್‌ನಂತೆ ವರ್ತಿಸತೊಡಗುತ್ತದೆ.

ಅದರ ಪಕ್ಕ, ಕೆಲವು ಸೆಂಟಿಮೀಟರ್ ದೂರವಾದರೂ ಪರವಾಗಿಲ್ಲ, 100 ಅಥವಾ 220 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಹಾಕಿ. ಪಟ್ಟೆ ಇರುವ ಕಾಲು ಗ್ರೌಂಡ್‌ಗೆ. ಇದು ಆಡಿಯೋ ವೇಗದ ಕರೆಂಟ್‌ಗೆ. 9 ವೋಲ್ಟ್ ಬ್ಯಾಟರಿಯಲ್ಲಿ ನಡೆಸುವವರಿಗೆ ಇದು ಕಡ್ಡಾಯವೆಂದೇ ತಿಳಿಯಿರಿ, ಏಕೆಂದರೆ ಬ್ಯಾಟರಿ ಹಳೆಯದಾದಂತೆ ಅದರ ಒಳಗಿನ ರೆಸಿಸ್ಟನ್ಸ್ ಏರಿ ‘ಪುಟ್ ಪುಟ್ ಪುಟ್’ ಎಂಬ ನಿಧಾನದ ಆಸಿಲೇಷನ್ ಬರುತ್ತದೆ. ದೋಣಿಯ ಎಂಜಿನ್ ಸದ್ದಿನಂತಿರುವುದರಿಂದ ಅದಕ್ಕೆ ಮೋಟಾರ್‌ಬೋಟಿಂಗ್ ಎಂದು ಹೆಸರು. ದೊಡ್ಡದೊಂದು ಹಾಕಿದರೆ ಚಿಕ್ಕದರ ಕೆಲಸವೂ ಆಗುತ್ತದೆ ಎಂದುಕೊಳ್ಳಬೇಡಿ. ಮೆಗಾಹರ್ಟ್ಸ್‌ನಲ್ಲಿ ಎಲೆಕ್ಟ್ರೋಲಿಟಿಕ್‌ನ ಸ್ವಂತ ರೆಸಿಸ್ಟನ್ಸ್ ಮತ್ತು ಇಂಡಕ್ಟನ್ಸ್ ಅಡ್ಡ ಬರುತ್ತವೆ.

8. ನಿಜಕ್ಕೂ ಹೋಯಿತೇ ಎಂದು ನೋಡಿ

ಇನ್‌ಪುಟ್‌ನ ಶಾರ್ಟ್ ತೆಗೆದು ಮೈಕ್ ಮತ್ತೆ ಕೂಡಿಸಿ. ವಾಲ್ಯೂಮ್ ಅನ್ನು ಸೊನ್ನೆಯಿಂದ ತುದಿಯವರೆಗೆ ನಿಧಾನವಾಗಿ ತಿರುಗಿಸುತ್ತಾ 5ನೇ ಪಿನ್ ಅನ್ನು ವೇಗದ ಟೈಮ್‌ಬೇಸ್‌ನಲ್ಲಿ ನೋಡಿ. ಸ್ಪೀಕರ್ ತೆಗೆದು ನೋಡಿ, ಹಾಕಿ ನೋಡಿ. ಸಪ್ಲೈಯನ್ನು 9ರಿಂದ 6 ವೋಲ್ಟ್‌ಗೆ ಇಳಿಸಿ ನೋಡಿ. ಯಾವ ಸ್ಥಿತಿಯಲ್ಲೂ ಗೆರೆ ದಪ್ಪವಾಗಬಾರದು, ಕರೆಂಟ್ ಜಿಗಿಯಬಾರದು.

ಕೆಲವರು 1 ಮತ್ತು 8ರ ನಡುವಿನ ಕೆಪಾಸಿಟರ್ ಕಿತ್ತು ಗೇನ್ 20ಕ್ಕೆ ಇಳಿಸಿ, “ನಿಂತಿತು” ಎಂದು ಮುಗಿಸುತ್ತಾರೆ. ಮರಳಿ ಬರುವ ದಾರಿ ಹಾಗೇ ಇರುತ್ತದೆ. ಇನ್ನಷ್ಟು ಉದ್ದದ ತಂತಿ ಹಾಕಿದ ದಿನ ಅಲೆ ಮತ್ತೆ ಹುಟ್ಟಬಹುದು.

ಕೆಪಾಸಿಟರ್ ಹಾಕಿದ ಮೇಲೂ ಆಸಿಲೇಷನ್ ಉಳಿದರೆ ದಾರಿ ಬೇರೆ ಇದೆ. 6ನೇ ಪಿನ್ ಈಗ ಶಾಂತವಾಗಿದ್ದು 5ನೇ ಪಿನ್ ಮಾತ್ರ ಕುಣಿಯುತ್ತಿದ್ದರೆ ಔಟ್‌ಪುಟ್‌ನ 10 ಓಮ್, 47 ನ್ಯಾನೋ ಜೋಡಿ ನೋಡಿ. 473 ಇರಬೇಕಾದಲ್ಲಿ ಬೇರೆ ಬೆಲೆ ಬಂದಿರಬಹುದು, ಅಥವಾ ಅದೂ ಐಸಿಯಿಂದ ದೂರವಿರಬಹುದು. ಸ್ಪೀಕರ್‌ನ ಗ್ರೌಂಡ್ ತಂತಿ ಇನ್‌ಪುಟ್‌ನ ಗ್ರೌಂಡ್ ಇರುವ ಸಾಲಿನಲ್ಲೇ ಹಿಂತಿರುಗುತ್ತಿದ್ದರೆ ಬೇರೆ ಮಾಡಿ, ಎರಡನ್ನೂ 4ನೇ ಪಿನ್‌ಗೆ ಪ್ರತ್ಯೇಕವಾಗಿ ತನ್ನಿ. ಮೈಕ್ ಕೂಡಿಸಿದಾಗ ಮಾತ್ರ ಶುರುವಾದರೆ, ಸಪ್ಲೈಯ ಏರಿಳಿತ ಮೈಕ್‌ನ ಬಯಾಸ್ ರೆಸಿಸ್ಟರ್ ಮೂಲಕ ನೇರ ಇನ್‌ಪುಟ್‌ಗೆ ಹೋಗುತ್ತಿರುತ್ತದೆ. ಆ ರೆಸಿಸ್ಟರ್‌ಗೆ ಮುಂಚೆ 1 ಕಿಲೋಓಮ್ ಇಟ್ಟು, ಅವೆರಡೂ ಕೂಡುವಲ್ಲಿಂದ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್ ಹಾಕಿ. ನಮ್ಮ ವಿದ್ಯಾರ್ಥಿನಿಯ ಬೋರ್ಡ್‌ಗೆ ಇದೊಂದು ಸೇರ್ಪಡೆಯೂ ಬೇಕಾಯಿತು: 104 ಹಾಕಿದ ಮೇಲೆ ವೇಗದ ಅಲೆ ಹೋಗಿ ಮಾತು ಸ್ಪಷ್ಟವಾಗಿತ್ತು, ಆದರೆ ವಾಲ್ಯೂಮ್ ಪೂರ್ತಿ ಏರಿಸಿದಾಗ ನಿಧಾನದ ಪುಟ್ ಪುಟ್ ಶುರುವಾಗುತ್ತಿತ್ತು. 1 ಕಿಲೋಓಮ್, 100 ಮೈಕ್ರೋಫ್ಯಾರಡ್ ಸೇರಿಸಿದ ಮೇಲೆ ಅದೂ ನಿಂತಿತು, ಕರೆಂಟ್ 6 ಮಿಲಿಆಂಪಿಯರ್‌ನಲ್ಲೇ ಉಳಿಯಿತು. ಸರ್ಕ್ಯೂಟ್ ಚಿತ್ರದಲ್ಲಿ 6ನೇ ಪಿನ್ ಪಕ್ಕ ಆ ಕೆಪಾಸಿಟರ್‌ಗಳನ್ನು ಪೆನ್ನಿನಿಂದ ಬರೆದುಕೊಂಡ ಮೇಲೆಯೇ ಆಕೆ ಬ್ರೆಡ್‌ಬೋರ್ಡ್‌ನಿಂದ ಪಿಸಿಬಿಗೆ ಹೋದದ್ದು.